ಪಿಂಚಣಿ ಲೆಕ್ಕವನ್ನು ಪರಿಶೀಲಿಸಲು ಯಾವ ದಾರಿ: ಸ್ವಂತ ನೋಟ್‌ಬುಕ್, ಕ್ಯಾಲ್ಕುಲೇಟರ್, ಬ್ಯಾಂಕಿನ ಚೀಟಿ, ಅನುಭವಿಯ ನೆರವು ಅಥವಾ ಲಿಖಿತ ಅರ್ಜಿ?

ಮಾರ್ಚ್ ಕೊನೆಗೆ ನಿವೃತ್ತರಾದವರು ಜೂನ್ ಹೊತ್ತಿಗೆ ಪಾಸ್‌ಬುಕ್ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ದಾವಣಗೆರೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು ಎಂಬುದು ಸುತ್ತಲಿನವರಿಗೆ ಗೊತ್ತಿದೆ. ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಬಂದ ದುಡ್ಡು ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಗ ಕಂಪ್ಯೂಟರಿನಲ್ಲಿ ನೋಡಿ ಒಂದು ಲೆಕ್ಕ ಹೇಳುತ್ತಾನೆ, ಬ್ಯಾಂಕಿನವರು ಒಂದು ಹೇಳುತ್ತಾರೆ, ಜೊತೆಯಲ್ಲಿ ನಿವೃತ್ತರಾದವರು ಇನ್ನೊಂದು ಹೇಳುತ್ತಾರೆ. ಯಾರನ್ನು ನಂಬಬೇಕು?"

ಹೀಗೆ ಗೊಂದಲಕ್ಕೆ ಬಿದ್ದವರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ. ಇಲ್ಲಿನ ಅಂಕಿಗಳೆಲ್ಲ ಕೇಂದ್ರ ಸರ್ಕಾರದ ಹಳೆಯ ಪಿಂಚಣಿ ಪದ್ಧತಿಗೆ ಸೇರಿದ, ಬ್ಯಾಂಕಿನ ಮೂಲಕ ಪಿಂಚಣಿ ಪಡೆಯುವ ನಿವೃತ್ತರಿಗೆ ಅನ್ವಯಿಸುತ್ತವೆ. ನಮ್ಮ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದಿಂದ ನಿವೃತ್ತರಾದ ಶಿಕ್ಷಕರೂ ನೌಕರರೂ ತುಂಬ ಜನರಿದ್ದಾರೆ. ಅವರಿಗೆ ಪಿಂಚಣಿ ಆದೇಶ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಬರುತ್ತದೆ, ನಿಯಮಗಳೂ ತುಟ್ಟಿಭತ್ಯೆಯ ದರವೂ ಬೇರೆ ಇವೆ. ಆದ್ದರಿಂದ ಅವರು ಪರಿಶೀಲನೆಯ ಕ್ರಮವನ್ನು ಇಲ್ಲಿಂದ ತೆಗೆದುಕೊಂಡು, ಅಂಕಿಗಳನ್ನು ಮಾತ್ರ ತಮ್ಮ ಆದೇಶದಿಂದಲೇ ತೆಗೆದುಕೊಳ್ಳಬೇಕು.

ಯಾವ ಅಳತೆಗೋಲಿನಿಂದ ಅಳೆಯಬೇಕು

ದಾರಿಗಳನ್ನು ಹೋಲಿಸುವ ಮೊದಲು ತಪ್ಪುಗಳು ಎಲ್ಲಿ ಆಗುತ್ತವೆ ಎಂಬುದನ್ನು ತಿಳಿಯಬೇಕು. ಗುಣಾಕಾರ, ಭಾಗಾಕಾರಗಳಲ್ಲಿ ತಪ್ಪಾಗಿರುವ ಪ್ರಕರಣ ನನ್ನ ಕಣ್ಣಿಗೆ ಬಿದ್ದದ್ದು ತೀರ ಕಡಿಮೆ. ಆ ಕೆಲಸವನ್ನು ಯಂತ್ರ ಮಾಡುತ್ತದೆ. ತಪ್ಪಾಗುವುದು ಎರಡು ಕಡೆ. ಒಂದು, ಲೆಕ್ಕಕ್ಕೆ ತೆಗೆದುಕೊಂಡ ಮೂಲ ಅಂಕಿಗಳಲ್ಲಿ, ಅಂದರೆ ಕೊನೆಯ ಮೂಲ ವೇತನ, ಹುಟ್ಟಿದ ದಿನಾಂಕ, ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಇಡುಗಂಟು ಪಡೆಯುವ ಪರಿವರ್ತನೆಗೆ ಕೇಳಿದ ಶೇಕಡಾವಾರು ಭಾಗ ಇವುಗಳಲ್ಲಿ. ಇನ್ನೊಂದು, ದಿನಾಂಕಗಳಲ್ಲಿ: ಇಡುಗಂಟು ಯಾವ ದಿನ ಖಾತೆಗೆ ಬಂತು, ಪಿಂಚಣಿಯ ಕಡಿತ ಯಾವ ದಿನದಿಂದ ಶುರುವಾಯಿತು, ತುಟ್ಟಿ ಪರಿಹಾರದ ಹೊಸ ದರ ಯಾವ ತಿಂಗಳಿಂದ ಸೇರಿತು ಎಂಬುದರಲ್ಲಿ.

ಆದ್ದರಿಂದ ಒಂದೊಂದು ದಾರಿಯನ್ನೂ ನಾನು ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತೇನೆ. ಅದು ಮೂಲ ಅಂಕಿಗಳನ್ನು ಕಾಗದದೊಂದಿಗೆ ತಾಳೆ ನೋಡುತ್ತದೆಯೇ? ದಿನಾಂಕಗಳನ್ನು ಗಮನಿಸುತ್ತದೆಯೇ? ತಪ್ಪು ಸಿಕ್ಕಿದರೆ ಮುಂದೆ ಕೇಳಲು ಕೈಯಲ್ಲಿ ಒಂದು ಲಿಖಿತ ಆಧಾರ ಉಳಿಯುತ್ತದೆಯೇ? ಕೊನೆಯದಾಗಿ, ಅದಕ್ಕೆ ಎಷ್ಟು ಹಣ, ಎಷ್ಟು ಓಡಾಟ, ಎಷ್ಟು ಕಣ್ಣಿನ ಶ್ರಮ ಬೇಕು? ಮೊದಲ ಎರಡು ಪ್ರಶ್ನೆಗಳಿಗೇ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ವಂತ ನೋಟ್‌ಬುಕ್

ಇದಕ್ಕೆ ಬೇಕಾದದ್ದು ಪಿಂಚಣಿ ಪಾವತಿ ಆದೇಶದ ಪ್ರತಿ, ಅಂದರೆ ಎಲ್ಲರೂ ಪಿಪಿಒ ಎನ್ನುವ ಕಾಗದ, ಕೊನೆಯ ತಿಂಗಳ ವೇತನ ಚೀಟಿ, ಪಾಸ್‌ಬುಕ್ ಮತ್ತು ಒಂದು ಪೆನ್ನು. ಒಂದು ನಿಜವಾದ ಲೆಕ್ಕವನ್ನೇ ಇಟ್ಟುಕೊಂಡು ನೋಡಿದರೆ ಈ ದಾರಿಯ ಬಲವೂ ಮಿತಿಯೂ ತಿಳಿಯುತ್ತವೆ.

ನಮ್ಮ ಬೀದಿಯ ಒಬ್ಬ ಅಕ್ಕ ಚಿತ್ರದುರ್ಗದ ಕಡೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಿಂದ 2025ರ ಮಾರ್ಚ್ 31ರಂದು ನಿವೃತ್ತರಾದರು. ಅವರು ಹುಟ್ಟಿದ್ದು 1965ರ ಮಾರ್ಚ್‌ನಲ್ಲಿ. ಕೊನೆಯ ಮೂಲ ವೇತನ 62,200 ರೂಪಾಯಿ. ಕೊನೆಯ ವೇತನ ಅಥವಾ ಕೊನೆಯ ಹತ್ತು ತಿಂಗಳ ಸರಾಸರಿ, ಇವೆರಡರಲ್ಲಿ ನೌಕರರಿಗೆ ಲಾಭವಾಗುವುದರ ಅರ್ಧವೇ ಪಿಂಚಣಿ. ವೇತನ ಇಳಿಯದೆ ಏರುತ್ತಲೇ ಬಂದಿದ್ದರೆ ಕೊನೆಯ ವೇತನವೇ ಲಾಭದ್ದಾಗಿರುತ್ತದೆ. ಹಾಗಾಗಿ ಅವರ ಮೂಲ ಪಿಂಚಣಿ 31,100 ರೂಪಾಯಿ.

ನಿವೃತ್ತಿಗೆ ಮೊದಲೇ ಅವರು ಪಿಂಚಣಿ ಪರಿವರ್ತನೆಗೆ, ಕಚೇರಿಯ ಮಾತಿನಲ್ಲಿ ಕಮ್ಯುಟೇಷನ್‌ಗೆ, ಅರ್ಜಿ ಕೊಟ್ಟಿದ್ದರು. ತಿಂಗಳ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲು ಒಂದೇ ಸಲಕ್ಕೆ ಇಡುಗಂಟು ಪಡೆಯುವುದೇ ಇದು. ಕೇಂದ್ರದಲ್ಲಿ ಗರಿಷ್ಠ ಮಿತಿ ಶೇ. 40. ಅಕ್ಕ ಪೂರ್ತಿ ಶೇ. 40ನ್ನೇ ಕೇಳಿದ್ದರು. 31,100ರ ಶೇ. 40 ಎಂದರೆ 12,440 ರೂಪಾಯಿ. ಈ ಭಾಗ ಪೈಸೆಯಲ್ಲಿ ಬಂದರೆ ಪೈಸೆಯನ್ನು ಬಿಟ್ಟುಬಿಡಬೇಕು ಎಂಬ ನಿಯಮವಿದೆ. ಇಲ್ಲಿ ಪೈಸೆ ಬರಲಿಲ್ಲ.

ಇಡುಗಂಟನ್ನು ಕಂಡುಹಿಡಿಯಲು 12,440ನ್ನು 12 ತಿಂಗಳಿಂದ ಗುಣಿಸಿ, ಬಂದದ್ದನ್ನು ಪಟ್ಟಿಯಲ್ಲಿರುವ ಗುಣಾಂಕದಿಂದ ಗುಣಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ ನೋಡಬೇಕಾದದ್ದು ಈಗಿನ ವಯಸ್ಸನ್ನಲ್ಲ, ಮುಂದಿನ ಹುಟ್ಟುಹಬ್ಬಕ್ಕೆ ತುಂಬುವ ವಯಸ್ಸನ್ನು. ಅರವತ್ತಕ್ಕೆ ನಿವೃತ್ತರಾದವರ ಪರಿವರ್ತನೆ ಜಾರಿಗೆ ಬರುವುದು ನಿವೃತ್ತಿಯ ಮರುದಿನ. ಆ ದಿನದಿಂದ ಮುಂದೆ ಬರುವ ಹುಟ್ಟುಹಬ್ಬಕ್ಕೆ ಅವರಿಗೆ 61 ತುಂಬುತ್ತದೆ. 61ರ ಗುಣಾಂಕ 8.194, 60ರದು 8.287. ಅಕ್ಕನ ಇಡುಗಂಟು 12,440 × 12 × 8.194 = 12,23,200 ರೂಪಾಯಿ 32 ಪೈಸೆ, ಮುಂದಿನ ರೂಪಾಯಿಗೆ ಏರಿಸಿದರೆ 12,23,201 ರೂಪಾಯಿ. 60ರ ಗುಣಾಂಕ ಹಿಡಿದು ಲೆಕ್ಕ ಹಾಕಿದವರು "ಹದಿಮೂರು ಸಾವಿರದ ಎಂಟುನೂರು ಚಿಲ್ಲರೆ ಕಡಿಮೆ ಬಂದಿದೆ" ಎಂದು ಗಾಬರಿಯಾಗುತ್ತಾರೆ. ಅಲ್ಲಿ ಕಚೇರಿಯದು ಏನೂ ತಪ್ಪಿರುವುದಿಲ್ಲ.

ಈಗ ತಿಂಗಳ ಲೆಕ್ಕ. 31,100ರಲ್ಲಿ 12,440 ಕಳೆದರೆ ಉಳಿಕೆ ಪಿಂಚಣಿ 18,660 ರೂಪಾಯಿ. ತುಟ್ಟಿ ಪರಿಹಾರವನ್ನು, ಮಾತಿನಲ್ಲಿ ಎಲ್ಲರೂ ಡಿ.ಎ. ಎಂದೇ ಕರೆಯುವುದನ್ನು, ಲೆಕ್ಕ ಹಾಕಬೇಕಾದದ್ದು ಈ ಉಳಿಕೆಯ ಮೇಲಲ್ಲ, ಕಡಿತಕ್ಕೆ ಮುಂಚಿನ ಪೂರ್ತಿ 31,100ರ ಮೇಲೆ. 2025ರ ಜನವರಿ 1ರಿಂದ ದರ ಶೇ. 55 ಇತ್ತು. 31,100ರ ಶೇ. 55 ಎಂದರೆ 17,105. ಒಟ್ಟು ತಿಂಗಳಿಗೆ 18,660 + 17,105 = 35,765 ರೂಪಾಯಿ.

ತಪ್ಪಾಗಿ ಉಳಿಕೆಯ ಮೇಲೆ ಪರಿಹಾರ ಹಾಕಿದ್ದರೆ ಅದು ಬರೀ 10,263 ಆಗುತ್ತಿತ್ತು, ಒಟ್ಟು 28,923ಕ್ಕೆ ನಿಲ್ಲುತ್ತಿತ್ತು. ತಿಂಗಳಿಗೆ 6,842 ರೂಪಾಯಿ ಖೋತಾ. ಈ ತಪ್ಪನ್ನು ಗುರುತಿಸಲು ಸುಲಭವಾದ ಒಂದು ಉಪಾಯವಿದೆ. ಚೀಟಿಯಲ್ಲಿ ತೋರಿಸಿದ ತುಟ್ಟಿ ಪರಿಹಾರವನ್ನು ದರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೂಲ ಪಿಂಚಣಿಯೇ ಹಿಂದಕ್ಕೆ ಬರಬೇಕು. 17,105ನ್ನು 55ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 31,100 ಬರುತ್ತದೆ. ಅದೇ ಜಾಗದಲ್ಲಿ 18,660 ಬಂದರೆ ತಪ್ಪು ಖಚಿತ. ಪರಿಹಾರದಲ್ಲಿ ಪೈಸೆ ಬಂದಾಗ ಅದನ್ನು ಮುಂದಿನ ರೂಪಾಯಿಗೆ ಏರಿಸುವುದರಿಂದ ಒಂದೆರಡು ರೂಪಾಯಿ ಆಚೀಚೆ ಆದರೆ ಚಿಂತಿಸಬೇಕಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಅಕ್ಕನ ಪಿಪಿಒದಲ್ಲಿ 18,660 ಎಂಬ ಅಂಕಿ ಎರಡು ಕಡೆ ಇತ್ತು, ಅದನ್ನು ನೋಡಿ ಅವರು ಗೊಂದಲಪಟ್ಟಿದ್ದರು. ಸಾಮಾನ್ಯ ದರದ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ವೇತನದ ಅರ್ಧವಾದ ಪಿಂಚಣಿಯಲ್ಲಿ ಉಳಿಯುವ ಶೇ. 60 ಎಂದರೂ ವೇತನದ ಶೇ. 30ರಷ್ಟೇ. ಪೂರ್ತಿ ಶೇ. 40ನ್ನು ಪರಿವರ್ತಿಸಿದವರಿಗೆ ಹೀಗೆ ಉಳಿಕೆ ಪಿಂಚಣಿಯೂ ಕುಟುಂಬ ಪಿಂಚಣಿಯೂ ಸಾಮಾನ್ಯವಾಗಿ ಒಂದೇ ಅಂಕಿಯಾಗಿ ಕಾಣುತ್ತವೆ. ಅವೆರಡೂ ಬೇರೆ ಬೇರೆ, ಪರಿವರ್ತನೆಯಿಂದ ಕುಟುಂಬ ಪಿಂಚಣಿ ಕಡಿಮೆಯಾಗುವುದಿಲ್ಲ.

ನೋಟ್‌ಬುಕ್‌ನ ದಾರಿ ಫಲ ಕೊಡುವುದು ದಿನಾಂಕಗಳ ವಿಷಯದಲ್ಲಿ. ಅಕ್ಕನ ಕಾಗದಪತ್ರ ತಡವಾಗಿ ಬ್ಯಾಂಕಿಗೆ ತಲುಪಿದ್ದರಿಂದ ಇಡುಗಂಟು ಖಾತೆಗೆ ಬಂದದ್ದು ಮೇ 12ಕ್ಕೆ. ಅದೇ ದಿನ ಏಪ್ರಿಲ್ ಪಿಂಚಣಿ ಎಂದು 35,765 ಬಂತು, ಮೇ ಕೊನೆಗೆ ಮತ್ತೆ 35,765. ಎರಡೂ ತಿಂಗಳು ಕಡಿತವಾದ ಪಿಂಚಣಿಯೇ. ನಿಯಮ ಹೇಳುವುದು ಹೀಗೆ: ನಿವೃತ್ತಿಗೆ ಮೊದಲೇ ಪರಿವರ್ತನೆ ಕೇಳಿದವರಿಗೆ ಕಡಿತ ಮೊದಲ ದಿನದಿಂದಲೇ ಶುರುವಾಗುತ್ತದೆ. ಆದರೆ ಇಡುಗಂಟು ನಿವೃತ್ತಿಯ ನಂತರದ ಮೊದಲ ತಿಂಗಳೊಳಗೆ ಸಿಗದಿದ್ದರೆ, ನಿವೃತ್ತಿಯ ಮರುದಿನದಿಂದ ಇಡುಗಂಟು ಬಂದ ಹಿಂದಿನ ದಿನದವರೆಗೆ ಕಡಿತವಾದ ವ್ಯತ್ಯಾಸವನ್ನು ಕೊಡಬೇಕು. ದುಡ್ಡು ಕೈಗೆ ಬರುವ ಮೊದಲೇ ಅದರ ಬದಲಿನ ಪಿಂಚಣಿಯನ್ನು ಕಳೆಯುವುದು ನ್ಯಾಯವಲ್ಲ ಎಂಬುದೇ ಇದರ ಅರ್ಥ.

ಅಕ್ಕನಿಗೆ ಏಪ್ರಿಲ್ ಪೂರ್ತಿಗೆ 12,440, ಮೇ 1ರಿಂದ 11ರವರೆಗಿನ ಹನ್ನೊಂದು ದಿನಕ್ಕೆ 12,440 × 11 ÷ 31 = 4,414 ರೂಪಾಯಿ, ಒಟ್ಟು 16,854 ರೂಪಾಯಿ ಬರಬೇಕಿತ್ತು. ಬಂದಿರಲಿಲ್ಲ. ಇಡುಗಂಟು ಏಪ್ರಿಲ್ 22ಕ್ಕೋ 25ಕ್ಕೋ ಬಂದಿದ್ದರೆ ಈ ಬಾಬತ್ತು ಏಳುತ್ತಲೇ ಇರಲಿಲ್ಲ. ಪಾಸ್‌ಬುಕ್‌ನ ಒಂದು ದಿನಾಂಕದ ಮೇಲೆ ಇಷ್ಟು ಹಣ ನಿಂತಿತ್ತು.

ನಾಲ್ಕು ಪ್ರಶ್ನೆಗಳಿಂದ ಅಳೆದರೆ ನೋಟ್‌ಬುಕ್ ಮೊದಲೆರಡರಲ್ಲಿ ಎಲ್ಲಕ್ಕಿಂತ ಮುಂದಿದೆ. ಖರ್ಚು ಏನೂ ಇಲ್ಲ. ಒಂದು ಬೆಳಗಿನ ಸಮಯ ಬೇಕು, ಗುಣಾಂಕದ ಪಟ್ಟಿಯೂ ಪರಿಹಾರದ ದರವೂ ಸರಿಯಾಗಿ ತಿಳಿದಿರಬೇಕು. ದರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶದಿಂದ ತೆಗೆದುಕೊಂಡರೆ ಲೆಕ್ಕವೆಲ್ಲ ಕೆಡುತ್ತದೆ, ಆದೇಶದಿಂದಲೇ ತೆಗೆದುಕೊಳ್ಳಬೇಕು.

ಕಂಪ್ಯೂಟರಿನ ಕ್ಯಾಲ್ಕುಲೇಟರ್

ಕೇಂದ್ರ ಸರ್ಕಾರದ pensionersportal.gov.in ತಾಣದಲ್ಲಿ ಪಿಂಚಣಿ ಕ್ಯಾಲ್ಕುಲೇಟರ್ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಸ್ಪ್ರೆಡ್‌ಶೀಟ್‌ನಲ್ಲೂ ಐದು ಸಾಲಿನಲ್ಲಿ ಮಾಡಿಕೊಳ್ಳಬಹುದು. B1ರಲ್ಲಿ ಕೊನೆಯ ಮೂಲ ವೇತನವನ್ನು ಬರೆದು, B2ರಿಂದ B6ರವರೆಗೆ ಕ್ರಮವಾಗಿ ಮೂಲ ಪಿಂಚಣಿ, ಪರಿವರ್ತಿತ ಭಾಗ, ಇಡುಗಂಟು, ಉಳಿಕೆ ಪಿಂಚಣಿ, ತುಟ್ಟಿ ಪರಿಹಾರ ಇವುಗಳಿಗೆ, ಅಕ್ಕನ ಲೆಕ್ಕದ ಶೇಕಡಾವಾರು, ಗುಣಾಂಕ, ದರ ಇಟ್ಟುಕೊಂಡರೆ, ಈ ಸೂತ್ರಗಳನ್ನು ಹಾಕಬೇಕು:

```
=ROUNDUP(B1/2,0)
=ROUNDDOWN(B2*40/100,0)
=ROUNDUP(B3*12*8.194,0)
=B2-B3
=ROUNDUP(B2*55/100,0)
```

ಕೊನೆಯ ಸಾಲಿನಲ್ಲಿ B5 ಅಲ್ಲ, B2 ಇದೆ ಎಂಬುದನ್ನು ಗಮನಿಸಬೇಕು. ಪರಿಹಾರವನ್ನು ಪೂರ್ತಿ ಪಿಂಚಣಿಯ ಮೇಲೆ ಹಾಕಬೇಕು ಎಂಬ ನಿಯಮ ಅಡಗಿರುವುದು ಅಲ್ಲಿಯೇ.

ವೇಗದಲ್ಲಿ ಈ ದಾರಿಗೆ ಸಾಟಿಯಿಲ್ಲ. ಶೇ. 40ರ ಬದಲು ಶೇ. 30 ಕೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಕ್ಷಣದಲ್ಲಿ ನೋಡಬಹುದು, ಹಾಗಾಗಿ ಇನ್ನೂ ನಿವೃತ್ತರಾಗದವರಿಗೆ ಇದು ಹೆಚ್ಚು ಉಪಯೋಗದ್ದು. ಆದರೆ ಪರಿಶೀಲನೆಗೆ ಇದೊಂದನ್ನೇ ನಂಬಿದವರು ಮೋಸಹೋಗುವುದನ್ನು ನೋಡಿದ್ದೇನೆ. ಕಚೇರಿಯವರು ಕೊನೆಯ ವಾರ್ಷಿಕ ವೇತನ ಬಡ್ತಿಯನ್ನು ಸೇರಿಸದೆ ಮೂಲ ವೇತನವನ್ನು 60,400 ಎಂದು ಹಿಡಿದಿದ್ದರು ಎಂದುಕೊಳ್ಳಿ. ಪಿಪಿಒದಲ್ಲಿರುವ ಅದೇ 60,400ನ್ನು ನೀವು ಕ್ಯಾಲ್ಕುಲೇಟರಿಗೆ ಹಾಕಿದರೆ ಉತ್ತರ ಪಿಪಿಒಗೆ ರೂಪಾಯಿ ಸಹಿತ ಹೊಂದುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ನಿಮಗೆ ಬರಬೇಕಾದ 900 ರೂಪಾಯಿ ಮೂಲ ಪಿಂಚಣಿ ಮಾತ್ರ ತಿಂಗಳು ತಿಂಗಳೂ ಹೋಗುತ್ತಿರುತ್ತದೆ, ಅದರ ಮೇಲಿನ ತುಟ್ಟಿ ಪರಿಹಾರವೂ ಹೋಗುತ್ತದೆ. ಅಂಕಿಯನ್ನು ಪಿಪಿಒದಿಂದಲ್ಲ, ಕೊನೆಯ ವೇತನ ಚೀಟಿಯಿಂದ ತೆಗೆದುಕೊಂಡು ಹಾಕಿದರೆ ಮಾತ್ರ ಈ ಕೊರತೆ ಅರ್ಧ ನೀಗುತ್ತದೆ. ಉಳಿದರ್ಧ, ಅಂದರೆ ದಿನಾಂಕದ ವಿಷಯ, ಇದರ ವ್ಯಾಪ್ತಿಗೆ ಬರುವುದೇ ಇಲ್ಲ. ಅಕ್ಕನ 16,854 ರೂಪಾಯಿಯನ್ನು ಈ ಐದು ಸಾಲುಗಳಲ್ಲಿ ಯಾವುದೂ ತೋರಿಸುವುದಿಲ್ಲ.

ಬ್ಯಾಂಕಿನ ಪಿಂಚಣಿ ಚೀಟಿ

ಪಾಸ್‌ಬುಕ್‌ನಲ್ಲಿ ಬರುವುದು ಒಂದೇ ಅಂಕಿ. ಅದರೊಳಗೆ ಏನೇನು ಸೇರಿದೆ, ಏನೇನು ಕಳೆದಿದೆ ಎಂಬುದು ತಿಳಿಯುವುದು ಪಿಂಚಣಿ ಚೀಟಿಯಲ್ಲಿ. ಉದಾಹರಣೆಗೆ, ಸ್ಥಿರ ವೈದ್ಯಕೀಯ ಭತ್ಯೆ ಆರಿಸಿಕೊಂಡವರಿಗೆ ತಿಂಗಳಿಗೆ 1,000 ರೂಪಾಯಿ ಸೇರುತ್ತದೆ. ಆಗ 35,765ರ ಜಾಗದಲ್ಲಿ 36,765 ಕಾಣುತ್ತದೆ. ಆದಾಯ ತೆರಿಗೆ ಕಡಿತವಾಗಿದ್ದರೆ ಅಂಕಿ ಇಳಿಯುತ್ತದೆ. ಸರ್ಕಾರಿ ನೌಕರರಿಗೆ ಪರಿವರ್ತನೆಯ ಇಡುಗಂಟಿನ ಮೇಲೆ ತೆರಿಗೆಯಿಲ್ಲ, ತಿಂಗಳ ಪಿಂಚಣಿ ಮತ್ತು ತುಟ್ಟಿ ಪರಿಹಾರದ ಮೇಲೆ ಇದೆ. ಚೀಟಿಯಿಲ್ಲದೆ ಬರೀ ಪಾಸ್‌ಬುಕ್ ನೋಡಿ ಜಗಳಕ್ಕೆ ಹೋದವರು ಕೊನೆಗೆ ಮುಜುಗರಪಡುವುದು ಇಂಥ ಅಂಕಿಗಳಿಂದಲೇ.

ಚೀಟಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಪಡೆಯಬಹುದು, ಶಾಖೆಯಲ್ಲೂ ಕೇಳಬಹುದು. ಆದರೆ ಪಿಂಚಣಿಯ ಲೆಕ್ಕ ಆಗುವುದು ನಮ್ಮ ಊರಿನ ಶಾಖೆಯಲ್ಲಲ್ಲ, ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ಸಂಸ್ಕರಣಾ ಕೇಂದ್ರದಲ್ಲಿ. ಶಾಖೆಯ ಗುಮಾಸ್ತರಿಗೆ ಅಲ್ಲಿನ ಅಂಕಿಯನ್ನು ನೋಡಲು ಬರುತ್ತದೆ, ತಿದ್ದಲು ಬರುವುದಿಲ್ಲ. ಚಳ್ಳಕೆರೆಯಿಂದ ಬಸ್ಸು ಹಿಡಿದು ಬಂದು ಚಿತ್ರದುರ್ಗದ ಶಾಖೆಯಲ್ಲಿ ಮಧ್ಯಾಹ್ನದವರೆಗೆ ಕೂತು, "ಮೇಲಿಂದ ಬಂದದ್ದೇ ಇಷ್ಟು" ಎಂಬ ಉತ್ತರ ಪಡೆದು ಹಿಂದಿರುಗುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಶಾಖೆಗೆ ಹೋಗುವುದಾದರೆ ಚೀಟಿ ಪಡೆಯಲು ಹೋಗಬೇಕು, ಅಥವಾ ಲಿಖಿತ ಅರ್ಜಿ ಕೊಟ್ಟು ಅದರ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಲು ಹೋಗಬೇಕು. ಬಾಯಿಮಾತಿನ ವಿಚಾರಣೆಗೆಂದು ಹೋದರೆ ದಿನ ವ್ಯರ್ಥವಾಗುತ್ತದೆ.

ಚೀಟಿ ಹೆಚ್ಚು ನೆರವಾಗುವುದು ಪರಿಹಾರದ ದರ ಬದಲಾದಾಗ. ದರ ಪ್ರತಿ ವರ್ಷ ಜನವರಿ ಮತ್ತು ಜುಲೈ 1ರಿಂದ ಜಾರಿಗೆ ಬರುತ್ತದೆ, ಆದರೆ ಘೋಷಣೆ ತಿಂಗಳುಗಳ ನಂತರ ಆಗುತ್ತದೆ. 2025ರ ಜುಲೈ 1ರಿಂದ ದರ ಶೇ. 58 ಆಯಿತು, ಅದರ ತೀರ್ಮಾನ ಪ್ರಕಟವಾದದ್ದು ಅಕ್ಟೋಬರ್‌ನಲ್ಲಿ. ಅಕ್ಕನಿಗೆ ಹೊಸ ಪರಿಹಾರ 18,038, ಅಂದರೆ ತಿಂಗಳಿಗೆ 933 ಹೆಚ್ಚು. ಅಕ್ಟೋಬರ್ ಪಿಂಚಣಿಯಿಂದಲೇ ಹೊಸ ದರ ಸೇರಿದ್ದರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳ ಹಿಂಬಾಕಿ 2,799 ರೂಪಾಯಿ ಬೇರೆಯಾಗಿ ಬರಬೇಕು. ಹೊಸ ದರ ಸೇರಿ ಹಿಂಬಾಕಿ ಬಾರದೆ ಉಳಿದದ್ದು ಪಾಸ್‌ಬುಕ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಚೀಟಿಯಲ್ಲಿ ಹಿಂಬಾಕಿಯ ಸಾಲು ಖಾಲಿ ಇರುವುದು ಕಾಣುತ್ತದೆ. ಪಿಂಚಣಿ ಅಥವಾ ಹಿಂಬಾಕಿಯನ್ನು ಬ್ಯಾಂಕ್ ತಡಮಾಡಿದರೆ, ಕೊಡಬೇಕಾಗಿದ್ದ ದಿನದಿಂದಾಚೆಗಿನ ವಿಳಂಬಕ್ಕೆ ವರ್ಷಕ್ಕೆ ಶೇ. 8ರಂತೆ ಬಡ್ಡಿಯನ್ನು ಕೇಳದೆಯೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇದನ್ನು ಅರ್ಜಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಚೀಟಿಯ ಮಿತಿ ಏನೆಂದರೆ, ಅದು ಬ್ಯಾಂಕ್ ಏನು ಕೊಟ್ಟಿತು ಎಂಬುದನ್ನು ಹೇಳುತ್ತದೆಯೇ ಹೊರತು ಏನು ಕೊಡಬೇಕಾಗಿತ್ತು ಎಂಬುದನ್ನು ಹೇಳುವುದಿಲ್ಲ. ನೋಟ್‌ಬುಕ್‌ನ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಬೆಲೆ.

ಅನುಭವಿಯ ನೆರವು

ಲೆಕ್ಕಪತ್ರ ಶಾಖೆಯಿಂದ ನಿವೃತ್ತರಾದ ಪರಿಚಯದವರು, ಪಿಂಚಣಿದಾರರ ಸಂಘದವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಕಣ್ಣು ಮಂಜಾದವರಿಗೆ, ಅಂಕಿ ಎಂದರೆ ಹಿಂಜರಿಯುವವರಿಗೆ, ಗಂಡ ತೀರಿಕೊಂಡು ಕುಟುಂಬ ಪಿಂಚಣಿಯ ಕಾಗದಗಳನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ತಾಯಂದಿರಿಗೆ ಇದೇ ಸೂಕ್ತ ದಾರಿ. ಹೋಗುವಾಗ ನೆನಪಿನಿಂದ ಅಂಕಿ ಹೇಳಬಾರದು. ಪಿಪಿಒ, ಕೊನೆಯ ವೇತನ ಚೀಟಿ, ಪಾಸ್‌ಬುಕ್ ಮೂರನ್ನೂ ಒಯ್ಯಬೇಕು. ನೋಡುವವರು ಕೇಂದ್ರದ ನಿಯಮ ಬಲ್ಲವರೋ ರಾಜ್ಯದ ನಿಯಮ ಬಲ್ಲವರೋ ಎಂದು ಮೊದಲೇ ಕೇಳಿಕೊಳ್ಳಬೇಕು. ರಾಜ್ಯದ ಲೆಕ್ಕದಲ್ಲಿ ಪಳಗಿದವರು ಪ್ರಾಮಾಣಿಕವಾಗಿಯೇ ಕೇಂದ್ರದ ಪಿಂಚಣಿಯನ್ನು ತಪ್ಪೆಂದು ಹೇಳಿದ್ದನ್ನು ಕಂಡಿದ್ದೇನೆ. ನೆರವಾದವರು ಹೇಳಿದ ಲೆಕ್ಕವನ್ನು ಅವರ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಮೂರನೆಯ ಪ್ರಶ್ನೆಗೂ, ಅಂದರೆ ಲಿಖಿತ ಆಧಾರಕ್ಕೂ, ಉತ್ತರ ಸಿಕ್ಕಂತಾಗುತ್ತದೆ. ಬಾಕಿಯಲ್ಲಿ ಶೇಕಡಾವಾರು ಪಾಲು ಕೇಳುವ ಮಧ್ಯವರ್ತಿಗಳಿಂದ ದೂರ ಇರಬೇಕು, ಈ ಕೆಲಸಕ್ಕೆ ಯಾರಿಗೂ ಪಾಲು ಕೊಡುವ ಅಗತ್ಯವಿಲ್ಲ.

ಲಿಖಿತ ಅರ್ಜಿ

ಲಿಖಿತ ಅರ್ಜಿಯೂ ಒಂದು ಪರಿಶೀಲನೆಯೇ, ಏಕೆಂದರೆ ಅದಕ್ಕೆ ಉತ್ತರಿಸಲು ಕಚೇರಿಯವರು ಕಡತವನ್ನು ತೆರೆಯಬೇಕಾಗುತ್ತದೆ. ಆದರೆ ಅದನ್ನು ಯಾರಿಗೆ ಬರೆಯಬೇಕು ಎಂಬುದು ತಪ್ಪಿನ ಜಾಗದ ಮೇಲೆ ನಿಂತಿದೆ. ಪಿಪಿಒದಲ್ಲೇ ಅಂಕಿ ತಪ್ಪಿದ್ದರೆ, ಅಂದರೆ ವೇತನ, ಹುಟ್ಟಿದ ದಿನ, ಗುಣಾಂಕ ತಪ್ಪಿದ್ದರೆ, ನೀವು ನಿವೃತ್ತರಾದ ಕಚೇರಿಯ ಮುಖ್ಯಸ್ಥರಿಗೆ ಬರೆಯಬೇಕು. ಪಿಪಿಒ ಸರಿಯಿದ್ದು ಪಾವತಿ ತಪ್ಪಿದ್ದರೆ ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೆ ಬರೆಯಬೇಕು. ಅಕ್ಕನಂತೆ ಕಡಿತದ ವ್ಯತ್ಯಾಸ ಬಾಕಿಯಿದ್ದರೆ ಅದನ್ನು ಮಂಜೂರು ಮಾಡಬೇಕಾದವರು ಲೆಕ್ಕಾಧಿಕಾರಿ, ಆದ್ದರಿಂದ ಅರ್ಜಿಯನ್ನು ಕಚೇರಿಯ ಮೂಲಕ ಅವರಿಗೆ ಕಳಿಸಿ ನಕಲನ್ನು ಬ್ಯಾಂಕಿಗೆ ಕೊಡಬೇಕು. ಎಲ್ಲಿಯೂ ಉತ್ತರ ಬಾರದಿದ್ದರೆ ಕೇಂದ್ರದ ಪಿಂಚಣಿ ದೂರು ವ್ಯವಸ್ಥೆಯಾದ CPENGRAMSನಲ್ಲಿ ದಾಖಲಿಸಬಹುದು. ಅಲ್ಲಿ ಸಿಗುವ ದೂರಿನ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಈ ದಾರಿ ಆಧಾರ ಉಳಿಸುವುದರಲ್ಲಿ ಎಲ್ಲಕ್ಕಿಂತ ಮೇಲು, ವೇಗದಲ್ಲಿ ಎಲ್ಲಕ್ಕಿಂತ ಹಿಂದೆ. "ನನ್ನ ಪಿಂಚಣಿ ಕಡಿಮೆ ಬರುತ್ತಿದೆ, ದಯವಿಟ್ಟು ಪರಿಶೀಲಿಸಿ" ಎಂದಷ್ಟೇ ಬರೆದರೆ "ನಿಯಮಾನುಸಾರ ಪಾವತಿಸಲಾಗಿದೆ" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಒಂದು ನಿರ್ದಿಷ್ಟ ಮೊತ್ತ, ಒಂದು ನಿರ್ದಿಷ್ಟ ಅವಧಿ, ಅದಕ್ಕೆ ಕಾರಣ ಈ ಮೂರೂ ಇದ್ದಾಗ ಮಾತ್ರ ಅರ್ಜಿ ಮುಂದೆ ಸಾಗುತ್ತದೆ. ಆದ್ದರಿಂದ ನೋಟ್‌ಬುಕ್ ಇಲ್ಲದೆ ಅರ್ಜಿಗೆ ಕೈಹಾಕಬಾರದು.

ಯಾರಿಗೆ ಯಾವುದು

ನಿವೃತ್ತರಾಗಿ ಆರು ತಿಂಗಳಾಗದವರಿಗೆ ನೋಟ್‌ಬುಕ್ ಕಡ್ಡಾಯ ಎನ್ನುತ್ತೇನೆ, ಏಕೆಂದರೆ ದಿನಾಂಕದ ತಪ್ಪುಗಳು ಹೆಚ್ಚಾಗಿ ಈ ಅವಧಿಯಲ್ಲೇ ಆಗುತ್ತವೆ. ಓದು ಬರಹಕ್ಕೆ ತೊಂದರೆಯಿರುವವರು ಅದನ್ನು ಅನುಭವಿಗಳ ಕೈಯಿಂದ ಮಾಡಿಸಬಹುದು, ಆದರೆ ಬಿಡಬಾರದು. ನಿವೃತ್ತರಾಗಿ ಕೆಲವು ವರ್ಷಗಳಾದವರು, ಮೂಲ ಅಂಕಿಗಳನ್ನು ಒಮ್ಮೆ ಸರಿನೋಡಿದ್ದರೆ, ವರ್ಷಕ್ಕೆ ಎರಡು ಸಲ ದರ ಬದಲಾದಾಗ ಚೀಟಿ ತೆಗೆದು ಪರಿಹಾರದ ಸಾಲನ್ನೂ ಹಿಂಬಾಕಿಯ ಸಾಲನ್ನೂ ನೋಡಿದರೆ ಸಾಕು. ಮೊಳಕಾಲ್ಮೂರು, ಜಗಳೂರು ಕಡೆಯ ಹಳ್ಳಿಗಳಲ್ಲಿದ್ದು ಓಡಾಟ ಕಷ್ಟವಾದವರು ಬೇರೆ ಊರಲ್ಲಿರುವ ಮಕ್ಕಳಿಂದ ಚೀಟಿಯನ್ನು ಫೋನಿಗೆ ತರಿಸಿಕೊಳ್ಳಬಹುದು. ಮುಂದಿನ ವರ್ಷ ನಿವೃತ್ತರಾಗುವವರಿಗೆ ಕ್ಯಾಲ್ಕುಲೇಟರ್ ಸಾಕು, ಅದರ ಜೊತೆಗೆ ಸೇವಾ ಪುಸ್ತಕದಲ್ಲಿ ಹುಟ್ಟಿದ ದಿನವನ್ನೂ ಕೊನೆಯ ವಾರ್ಷಿಕ ಬಡ್ತಿಯನ್ನೂ ಈಗಲೇ ನೋಡಿಕೊಳ್ಳಲಿ.

ಹೆಚ್ಚು ಬಂದಾಗ ಸುಮ್ಮನಿರುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಡುಗಂಟು ಕೊಟ್ಟ ಮೇಲೂ ಬ್ಯಾಂಕ್ ಕಡಿತ ಶುರುಮಾಡದೆ ಪೂರ್ತಿ 31,100 ಕೊಡುತ್ತಾ ಹೋಗಿದ್ದರೆ ಅಕ್ಕನಿಗೆ ತಿಂಗಳಿಗೆ 12,440 ಹೆಚ್ಚು ಬರುತ್ತಿತ್ತು, ವರ್ಷಕ್ಕೆ 1,49,280. ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ ಎಂಬ ಮುಚ್ಚಳಿಕೆಯನ್ನು ಬ್ಯಾಂಕ್ ಮೊದಲೇ ಬರೆಸಿಕೊಂಡಿರುತ್ತದೆ. ಅದು ವರ್ಷಗಳ ನಂತರ ವಸೂಲಿಗೆ ಬಂದಾಗ ಕೈಯಲ್ಲಿ ಆ ಹಣ ಇರುವುದಿಲ್ಲ. ಕಡಿಮೆ ಬಂದದ್ದನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಹೆಚ್ಚು ಬಂದದ್ದನ್ನೂ ಹುಡುಕಿ, ಕಂಡ ತಕ್ಷಣ ಬರೆದು ತಿಳಿಸಬೇಕು.

ಅಕ್ಕನ ಅರ್ಜಿ ಒಂದೇ ಪುಟದ್ದಾಗಿತ್ತು. ಇಡುಗಂಟು ಬಂದ ದಿನದ ಪಾಸ್‌ಬುಕ್ ಪುಟದ ನಕಲು, ಎರಡು ತಿಂಗಳ ಚೀಟಿ, 12,440 ಮತ್ತು 4,414ರ ಲೆಕ್ಕ, ಕೆಳಗೆ ಒಟ್ಟು 16,854. ಕೆಲವು ತಿಂಗಳ ನಂತರ ಆ ಮೊತ್ತ ಖಾತೆಗೆ ಜಮೆಯಾಯಿತು. ಪರಿವರ್ತಿತ ಭಾಗ ಪೂರ್ತಿಯಾಗಿ ಮರಳಿ ಸಿಗುವುದು ಕಡಿತ ಜಾರಿಗೆ ಬಂದ ದಿನದಿಂದ ಹದಿನೈದು ವರ್ಷಕ್ಕೆ. ಅವರ ಮಟ್ಟಿಗೆ ಕಡಿತ ನಿಜವಾಗಿ ಶುರುವಾದದ್ದು 2025ರ ಮೇ 12ರಂದು, ಹಾಗಾಗಿ ಆ 12,440 ರೂಪಾಯಿ 2040ರ ಮೇ 12ರಿಂದ ಮತ್ತೆ ಸೇರಬೇಕು. ಆಗ ಅವರಿಗೆ ಎಪ್ಪತ್ತೈದು ದಾಟಿರುತ್ತದೆ, ಈ ಲೆಕ್ಕ ನೆನಪಿನಲ್ಲಿ ಇರುತ್ತದೆಯೋ ಇಲ್ಲವೋ. ಅವರು ಆ ದಿನಾಂಕವನ್ನು ಪಿಪಿಒ ಇಟ್ಟಿರುವ ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಲಕೋಟೆ ಯಾವ ಬೀರುವಿನಲ್ಲಿದೆ ಎಂದು ಸೊಸೆಗೆ ತೋರಿಸಿಟ್ಟಿದ್ದಾರೆ.